ಮೂರು ಉಡುಪು, ಒಂದೇ ಸ್ಯಾಟಿನ್

ಫ್ಯಾನ್ಸಿ ಡ್ರೆಸ್ ಬಾಡಿಗೆ ಅಂಗಡಿಗಳಲ್ಲಿ ಕಿಮೊನೊ, ಹನ್‌ಬೊಕ್, ಚೊಂಗ್‌ಸಾಮ್ ಮೂರೂ ಸಿಗುತ್ತವೆ. ಮೂರಕ್ಕೂ ಅದೇ ಮಿರಮಿರ ಸ್ಯಾಟಿನ್, ಬೆನ್ನಿಗೆ ಅದೇ ಜಿಪ್. ನನ್ನ ತಕರಾರು ಬಣ್ಣದ್ದಲ್ಲ, ನಿಲುವಿನದ್ದು. ಮೂರೂ ಅಕ್ಕತಂಗಿಯರೇ ಹೌದು: ಎಡಭಾಗ ಮೇಲೆ ಬಂದು ಬಲಕ್ಕೆ ಮುಚ್ಚಿಕೊಳ್ಳುತ್ತದೆ. ಕಿಮೊನೊದಲ್ಲಿ ಇದು ತಿರುಗಾಮುರುಗಾ ಆದರೆ ಹೆಣಕ್ಕೆ ಉಡಿಸಿದ ಹಾಗೆ. ಆದರೆ ಮೈಗೆ ಹೊಂದಿಸುವ ಕೆಲಸ ಯಾರದು ಅಂತ ಕೇಳಿದರೆ ಮೂರೂ ಬೇರೆ ಬೇರೆ ಉತ್ತರ ಕೊಡುತ್ತವೆ.

ಕಿಮೊನೊದಲ್ಲಿ ಆ ಕೆಲಸ ಉಡುವವಳದು. ಒಂದು ಮೊಳಕ್ಕಿಂತ ಕಿರಿದಾದ, ಸುಮಾರು 12 ಮೀಟರ್ ಉದ್ದದ ಬಟ್ಟೆಯನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಹೊಲಿಯುತ್ತಾರೆ. ಎದೆಗೆ, ಸೊಂಟಕ್ಕೆ ಅಂತ ಕತ್ತರಿ ಆಡುವುದಿಲ್ಲ. ಹೆಂಗಸರ ಕಿಮೊನೊ ಬೇಕಾದ್ದಕ್ಕಿಂತ ಉದ್ದ. ಹೆಚ್ಚಿನದನ್ನು ಸೊಂಟದಲ್ಲಿ ಮಡಚಿ ದಾರ ಕಟ್ಟಿ, ಮೇಲೆ ಓಬಿ ಸುತ್ತಬೇಕು. ಗುಂಡಿಯೇ ಇಲ್ಲದ ಈ ಏರ್ಪಾಡು ನಿಲ್ಲಲು ಬಟ್ಟೆ ಕಚ್ಚಿಕೊಳ್ಳಬೇಕು. ಚಿರಿಮೆನ್ ಎಂಬ ಸುಕ್ಕುರೇಷ್ಮೆ ಕಚ್ಚಿಕೊಳ್ಳುತ್ತದೆ. ಸ್ಯಾಟಿನ್ ಜಾರುತ್ತದೆ, ನಡೆದಾಡಿದ ಹಾಗೆಲ್ಲ ಕೊರಳಪಟ್ಟಿ ಬಾಯಿ ಬಿಡುತ್ತದೆ.

ಹನ್‌ಬೊಕ್‌ನಲ್ಲಿ ಆ ಕೆಲಸ ಗಾಳಿಯದು. ಚಿಮಾ ಎಂಬ ಲಂಗದ ಪಟ್ಟಿಯನ್ನು ಎದೆಯ ಮೇಲೇ ಬಿಗಿಯುತ್ತಾರೆ, ನೆರಿಗೆಗಳು ಅಲ್ಲಿಂದಲೇ ಇಳಿಯುತ್ತವೆ. ಮೇಲಿನ ಗಿಡ್ಡ ಜಗೊರಿಗೆ ಎದೆಯ ಮೇಲೊಂದು ರಿಬ್ಬನ್ ಗಂಟು, ತೋಳಿನ ಅಡಿಯಲ್ಲಿ ಮೆಲ್ಲನೆ ಬಾಗುವ ಅಂಚು. ಸೊಂಟ ಎಲ್ಲಿದೆ ಅಂತ ಯಾರಿಗೂ ಗೊತ್ತಾಗದು. ಬೇಸಿಗೆಯ ಮೋಸಿ ಎಂಬ ನಾರಿನ ಬಟ್ಟೆ ಗರಿಗರಿಯಾಗಿ ಮೈಯಿಂದ ದೂರ ನಿಲ್ಲುತ್ತದೆ. ರೇಷ್ಮೆಯದಾದರೆ ಒಳಲಂಗಗಳು ಆಸರೆ. ಜೋಲುವ ಸ್ಯಾಟಿನ್ ಹಾಕಿದರೆ ಗಂಟೆಯಾಕಾರ ಕುಸಿದು ಕಾಲಿಗೆ ಅಂಟಿಕೊಳ್ಳುತ್ತದೆ.

ಚೊಂಗ್‌ಸಾಮ್‌ನಲ್ಲಿ ಆ ಕೆಲಸ ದರ್ಜಿಯದು. 1920ರ ದಶಕದಲ್ಲಿ ಅದೂ ಸಡಿಲವಾಗಿ, ನೇರವಾಗಿಯೇ ಇತ್ತು. ಆಮೇಲೆ ಎದೆ, ಸೊಂಟಗಳಲ್ಲಿ ಡಾರ್ಟ್ ಬಂತು, ತೋಳನ್ನು ಬೇರೆಯಾಗಿ ಕತ್ತರಿಸಿ ಜೋಡಿಸಿದರು. ಮೈ ಅಲ್ಲಿಂದ ಬಟ್ಟೆಗೆ ಬಂಧಿ. 2000ದ 'ಇನ್ ದ ಮೂಡ್ ಫಾರ್ ಲವ್' ಸಿನಿಮಾದಲ್ಲಿ ಮ್ಯಾಗಿ ಚೆಯುಂಗ್ ನೂಡಲ್ಸ್ ತರಲು ಮೆಟ್ಟಿಲಿಳಿಯುವುದನ್ನು ನೋಡಿ: ಎತ್ತರದ ಕಾಲರ್ ಕತ್ತು ಬಾಗಲು ಬಿಡದು, ಪಕ್ಕದ ಸೀಳು ಬಿಟ್ಟಷ್ಟೇ ಹೆಜ್ಜೆ. ಹೇಳಿಕೊಳ್ಳಲಾಗದವಳ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ಉಡುಪು ಬೇಕೇ? ಆದರೆ ಎರಡು ಕಿಲೋ ದಪ್ಪಗಾದರೆ ಅಡಗಿಸಲು ಮಡಿಕೆಯೇ ಇಲ್ಲ, ದರ್ಜಿಯ ಬಳಿಗೇ ಹೋಗಬೇಕು.

ಹಾಗಂತ ಜಿಪ್ ಅಂದರೆ ಮೈಲಿಗೆ ಅಂತ ನಾನು ಹೇಳುತ್ತಿಲ್ಲ. ಚೊಂಗ್‌ಸಾಮ್‌ನ ಪಕ್ಕದಲ್ಲಿ ಅದು ಬಂದು ದಶಕಗಳೇ ಆದವು. ಬೆನ್ನಿಗೆ ಹೋದಾಗ ಮಾತ್ರ, ಕತ್ತಿನಿಂದ ಬಲಗಂಕುಳಿಗೆ ಓರೆಯಾಗಿ ಇಳಿಯುವ ಮುಚ್ಚಿಗೆ, ಅದರ ಬಟ್ಟೆಗಂಟಿನ ಗುಂಡಿಗಳು ಬರೀ ಅಲಂಕಾರವಾಗುತ್ತವೆ. ಕಿಮೊನೊಗೆ ಜಿಪ್ ಹಾಕಿದರಂತೂ ಉಡುವವಳಿಗೆ ಕೆಲಸವೇ ಉಳಿಯದು. ಇನ್ನು ಮೇಲೆ ಬಾಡಿಗೆಗೆ ತರುವಾಗ ಕಸೂತಿಯ ಡ್ರ್ಯಾಗನ್ ಆಮೇಲೆ ನೋಡಿ, ಮೊದಲು ಬೆನ್ನು ತಿರುಗಿಸಿ.