ಬಕ್ಕತಲೆಗೆ ಕೂದಲು: ಎಂಟು ಸಾಲಿನ ಚೀಟಿಗೊಂದು ವ್ಯಾಖ್ಯಾನ

ಹೆಗ್ಗಡದೇವನಕೋಟೆ, ಹುಣಸೂರು ಕಡೆಯ ಫೋಟೋ ಸ್ಟುಡಿಯೋಗಳಿಗೆ ತಿಥಿಯ ಫೋಟೋ ಎಂದರೆ ಅವಸರದ ಕೆಲಸ. ಮನೆಯಲ್ಲಿ ಸಾವಾದ ನಾಲ್ಕೈದು ದಿನಕ್ಕೆ ಮಗನೋ ಅಳಿಯನೋ ಮೊಬೈಲ್ ಹಿಡಿದು ಬರುತ್ತಾರೆ. ಒಂದು ಫ್ರೇಮು, ಒಂದು ಫ್ಲೆಕ್ಸ್, ಹನ್ನೊಂದನೇ ದಿನದೊಳಗೆ ಆಗಬೇಕು. ಅಂಥವರಲ್ಲಿ ಕೆಲವರು ಸಂಕೋಚದಿಂದ ಇನ್ನೊಂದು ಮಾತು ಸೇರಿಸುತ್ತಾರೆ: "ಅಣ್ಣ, ಅಪ್ಪಾಜಿಗೆ ಮೊದಲು ತಲೆ ತುಂಬ ಕೂದಲಿತ್ತು. ಹಂಗೇ ಮಾಡ್ಕೊಡಕ್ಕಾಯ್ತದಾ?" ಈ ಕೆಲಸ ಕಲಿಯಲು ಬರುವ ಹುಡುಗರಿಗೆಂದು ನಾನು ಎಂಟು ಸಾಲು ಬರೆದು ಕಂಪ್ಯೂಟರ್ ಪಕ್ಕದ ಗೋಡೆಗೆ ಅಂಟಿಸಿದ್ದೇನೆ. ಸಾಲು ಚಿಕ್ಕವು, ಬಿಡಿಸಿ ಹೇಳದಿದ್ದರೆ ಅರ್ಥವಾಗುವುದಿಲ್ಲ. ಅರವತ್ತು ದಾಟಿದ್ದ ಒಬ್ಬ ರೈತರ ಫೋಟೋವನ್ನು ಎದುರಿಗಿಟ್ಟುಕೊಂಡು ಒಂದೊಂದನ್ನೇ ಬಿಡಿಸುತ್ತೇನೆ. ಮದುವೆ ಮನೆಯಲ್ಲಿ ಫೋನಿನಿಂದ ತೆಗೆದ ಫೋಟೋ ಅದು. ನೆತ್ತಿಯೆಲ್ಲ ಬೋಳು, ಕಿವಿಯ ಮೇಲೆ ಅರ್ಧ ನರೆತ ಕೂದಲು, ಬೆಳಕು ನಮ್ಮ ಎಡಗಡೆಯಿಂದ ಬೀಳುತ್ತಿದೆ.

ಹೊಳಪು ಇಳಿಸದೆ ಕೂದಲಿಗೆ ಕೈ ಹಾಕಬೇಡ.

ಬೋಳು ನೆತ್ತಿ ಬೆಳಕನ್ನು ಹಾಗೇ ಹಿಂದಕ್ಕೆ ಎಸೆಯುತ್ತದೆ. ಫೋಟೋದಲ್ಲಿ ಅದು ಬಿಳಿ ಮಚ್ಚೆಯಾಗಿ ಕಾಣುತ್ತದೆ. ಕೂದಲಿರುವ ತಲೆಯ ಚರ್ಮ ಹಾಗೆ ಎಂದೂ ಮಿನುಗುವುದಿಲ್ಲ. ಆ ಮಚ್ಚೆಯ ಮೇಲೆಯೇ ಕೂದಲು ಬಿಡಿಸಿದರೆ ಎಳೆಗಳ ನಡುವಿನಿಂದ ಬಿಳುಪು ಇಣುಕುತ್ತದೆ, ನೋಡಿದವರಿಗೆ ಕಾರಣ ಹೊಳೆಯದಿದ್ದರೂ ಏನೋ ಸರಿಯಿಲ್ಲ ಅನ್ನಿಸುತ್ತದೆ. ಆದ್ದರಿಂದ ಖಾಲಿ ಲೇಯರ್ ತೆಗೆದು, ಮಚ್ಚೆಯ ಪಕ್ಕದ ಚರ್ಮದ ಬಣ್ಣ ಎತ್ತಿಕೊಂಡು, ಮೆತ್ತನೆಯ ಬ್ರಷ್‌ನಲ್ಲಿ Opacity 10ರಿಂದ 15ರಷ್ಟಿಟ್ಟು ನಿಧಾನವಾಗಿ ಸವರಬೇಕು. ಹಣೆಯ ಹೊಳಪನ್ನು ಮಾತ್ರ ಮುಟ್ಟಬಾರದು. ಅದು ಬದುಕಿದ್ದ ಮನುಷ್ಯನ ಹಣೆ, ಮಿನುಗಲೇಬೇಕು.

ಗಡಿ ಎಲ್ಲಿ ಎಂದು ಹಣೆಯನ್ನೇ ಕೇಳು.

ಹುಡುಗರು ಹೆಚ್ಚು ಎಡವುವುದು ಇಲ್ಲೇ. ಕೂದಲಿನ ಗಡಿಯನ್ನು ಅಂದಾಜಿನಲ್ಲಿ ಇಡುತ್ತಾರೆ, ಅದೂ ಸಾಮಾನ್ಯವಾಗಿ ತೀರ ಕೆಳಗೆ. ಮುಖವೇ ಅಳತೆ ಕೊಡುತ್ತದೆ: ಗದ್ದದಿಂದ ಮೂಗಿನ ಬುಡಕ್ಕೆ ಎಷ್ಟು ದೂರವೋ, ಮೂಗಿನ ಬುಡದಿಂದ ಹುಬ್ಬಿಗೆ ಹೆಚ್ಚುಕಡಿಮೆ ಅಷ್ಟೇ, ಹುಬ್ಬಿನಿಂದ ಕೂದಲಿನ ಗಡಿಗೂ ಅಷ್ಟೇ. ಈ ರೈತರ ಫೋಟೋದಲ್ಲಿ ಮೊದಲೆರಡು ಭಾಗ 400 ಪಿಕ್ಸೆಲ್ ಆಸುಪಾಸಿಗೆ ಬಂದವು. ಅಂದರೆ ಹರೆಯದಲ್ಲಿ ಅವರ ಗಡಿ ಹುಬ್ಬಿನಿಂದ 400 ಪಿಕ್ಸೆಲ್ ಮೇಲೆ ಇದ್ದಿರಬೇಕು.

ಇದಕ್ಕೆ ಎರಡನೆಯ ಸಾಕ್ಷಿ ಹಣೆಯ ಸುಕ್ಕು. ಹುಬ್ಬೇರಿಸಿದಾಗ ಹಣೆಯನ್ನು ಮಡಿಸುವ ಸ್ನಾಯು ಹಳೆಯ ಗಡಿಯ ಹತ್ತಿರಕ್ಕೆ ಬಂದು ಮುಗಿಯುತ್ತದೆ. ಎಲ್ಲಕ್ಕಿಂತ ಮೇಲಿನ ಸುಕ್ಕು ಎಲ್ಲಿದೆಯೋ ಅದರ ತುಸು ಮೇಲೆ ಹರೆಯದ ಗಡಿ ಇತ್ತು ಎಂದು ಲೆಕ್ಕ. ಕೂದಲು ನಾಟಿ ಮಾಡುವ ವೈದ್ಯರೂ ಇದನ್ನೇ ನೋಡುತ್ತಾರೆ, ಮತ್ತು ದೊಡ್ಡವರಿಗೆ ಅದಕ್ಕಿಂತ ಒಂದು ಸೆಂಟಿಮೀಟರಿನಷ್ಟು ಮೇಲಕ್ಕೇ ಗಡಿ ಇಡುತ್ತಾರೆ. ನಮ್ಮ ಫೋಟೋದಲ್ಲಿ ಒಂದು ಸೆಂಟಿಮೀಟರ್ ಎಂದರೆ ಸುಮಾರು 60 ಪಿಕ್ಸೆಲ್. ಹಾಗಾಗಿ ಗಡಿಯನ್ನು 460ಕ್ಕೆ ಏರಿಸಿ, ಹಣೆಯ ಎರಡೂ ಮೂಲೆಗಳನ್ನು ಇನ್ನಷ್ಟು ಹಿಂದಕ್ಕೆ ಬಿಟ್ಟೆ. ಅರವತ್ತರ ಮುಖಕ್ಕೆ ಹದಿನೆಂಟರ ಮುಂದಲೆ ಕೂರಿಸಿದರೆ ವಿಗ್ ಇಟ್ಟ ಹಾಗೆ ಕಾಣುತ್ತದೆ. ತಲೆ ತಗ್ಗಿಸಿದ್ದರೆ ಹಣೆ ಉದ್ದವಾಗಿಯೂ ಎತ್ತಿದ್ದರೆ ಗಿಡ್ಡವಾಗಿಯೂ ಕಾಣುವುದರಿಂದ ಆಗ ಪಿಕ್ಸೆಲ್ ಲೆಕ್ಕಕ್ಕಿಂತ ಸುಕ್ಕಿನ ಮಾತನ್ನೇ ಹೆಚ್ಚು ನಂಬಬೇಕು.

ಬೈತಲೆಯ ವಿಚಾರಕ್ಕೆ ಮನೆಯವರನ್ನೇ ಕೇಳಬೇಕು, ಕೇಳುವ ರೀತಿಯೂ ಗೊತ್ತಿರಬೇಕು. ಈ ರೈತರ ಹೆಂಡತಿ "ಎಡಗಡೆಗೆ ತೆಗೀತಿದ್ರು ಕಣಪ್ಪ" ಎಂದರು. ಗಂಡನನ್ನು ಎದುರಿನಿಂದಲೇ ನೋಡುತ್ತಿದ್ದವರಿಗೆ ಎಡ ಯಾವುದು? "ನಿಮ್ಮ ತಲೆ ಮುಟ್ಟಿ ತೋರಿಸಿ ಅವ್ವ" ಎಂದಾಗ ಅವರ ಕೈ ಹೋದದ್ದು ಬಲಗಡೆಗೆ. ಫೋನಿನ ಸೆಲ್ಫಿಯಾದರೆ ಇನ್ನೂ ಎಚ್ಚರ ಬೇಕು, ಕೆಲವು ಫೋನುಗಳು ಕನ್ನಡಿಯ ಹಾಗೆ ತಿರುಗಿಸಿಯೇ ಉಳಿಸುತ್ತವೆ. ಅಂಗಿಯ ಗುಂಡಿ, ಜೇಬು ನೋಡಿದರೆ ಗೊತ್ತಾಗುತ್ತದೆ. ಗಂಡಸರ ಅಂಗಿಯ ಜೇಬು ಅವರ ಎದೆಯ ಎಡಕ್ಕಿರುತ್ತದೆ.

ಮೊದಲು ನೆರಳು, ಆಮೇಲೆ ಕೂದಲು.

ಇಡೀ ಕೆಲಸ ನಿಂತಿರುವುದು ಈ ಸಾಲಿನ ಮೇಲೆ. ಮಲೆ ಮಹದೇಶ್ವರ ಬೆಟ್ಟಕ್ಕೋ ನಂಜನಗೂಡಿಗೋ ಹೋಗಿ ಮುಡಿ ಕೊಟ್ಟು ಬಂದವರ ತಲೆಯನ್ನು ಒಂದೆರಡು ದಿನದ ನಂತರ ನೋಡಿ. ಬೋಳೇ ಇದೆ, ಆದರೂ ಅದು ಬಕ್ಕತಲೆಯಲ್ಲ ಎಂದು ದೂರದಿಂದಲೇ ತಿಳಿಯುತ್ತದೆ. ಚರ್ಮದ ಕೆಳಗೆ ಬುಡಗಳಿವೆ, ಅವೆಲ್ಲ ಸೇರಿ ತಲೆಗೆ ಬೂದು ನೀಲಿಯ ಛಾಯೆ ಕೊಡುತ್ತವೆ, ಗಡಿ ಎಲ್ಲಿ ಶುರುವಾಗುತ್ತದೆಂದೂ ಸ್ಪಷ್ಟವಾಗಿ ಕಾಣುತ್ತದೆ. ಬಕ್ಕತಲೆಯಲ್ಲಿ ಆ ಛಾಯೆಯೇ ಇರುವುದಿಲ್ಲ. ನಾವು ಮೊದಲು ತರಬೇಕಾದದ್ದು ಅದನ್ನು.

ಹೊಸ ಲೇಯರ್ ತೆಗೆದು ಅದನ್ನು Multiply ಮಾಡಿ. ಬಣ್ಣವನ್ನು ಕಿವಿಯ ಮೇಲಿನ ಕೂದಲ ಬುಡದಿಂದಲೇ ಎತ್ತಿ, ಕಪ್ಪು ಬೇಡ. ಫೋಟೋದಲ್ಲಿ ಅಪ್ಪಟ ಕಪ್ಪು ಕೂದಲು ಇರುವುದೇ ಇಲ್ಲ, ಅದು ಕಂದು ಬೆರೆತ ಕಪ್ಪು. ದೊಡ್ಡ ಮೆತ್ತನೆಯ ಬ್ರಷ್, Opacity 10ರ ಒಳಗೆ. ಗಡಿಯ ಹತ್ತಿರ ಒಂದು ಸಲ ಸವರಿದರೆ ಸಾಕು, ಒಂದೆರಡು ಸೆಂಟಿಮೀಟರ್ ಹಿಂದೆ ನಾಲ್ಕೈದು ಸಲ. ಬೈತಲೆಯ ದಾರಿಯನ್ನು ತಿಳಿಯಾಗಿ ಬಿಡಬೇಕು. ಬೆಳಕು ಎಡದಿಂದ ಬರುತ್ತಿದ್ದರಿಂದ ಬಲಭಾಗಕ್ಕೆ ಇನ್ನೊಂದು ಸಲ ಸವರಿದೆ.

ಇಲ್ಲಿ ಕೈ ನಿಲ್ಲಿಸಿ ನೋಡಬೇಕು. ಫೋಟೋವನ್ನು ಚಿಕ್ಕದು ಮಾಡಿ, ಕಣ್ಣು ಕಿರಿದು ಮಾಡಿ ನೋಡಿದಾಗ ಮುಡಿ ಕೊಟ್ಟು ಒಂದೆರಡು ದಿನವಾದ ಮನುಷ್ಯನಂತೆ ಕಂಡರೆ ಮುಂದಕ್ಕೆ ಹೋಗಬಹುದು. ಮಸಿ ಬಳಿದ ಹಾಗೆ ಕಂಡರೆ ಅದನ್ನು ಕೂದಲಿನಿಂದ ಮುಚ್ಚಲು ಹೋಗಬೇಡಿ, ಲೇಯರ್ ಅಳಿಸಿ ಮೊದಲಿಂದ ಮಾಡಿ. ನೆರಳು ತಪ್ಪಿದ ತಲೆಯ ಮೇಲೆ ಎಷ್ಟು ಚೆಂದದ ಕೂದಲು ಬಿಡಿಸಿದರೂ ಅದು ತೇಲುತ್ತಲೇ ಇರುತ್ತದೆ.

ಮುಂದಲೆಯಲ್ಲಿ ಗೆರೆ ಎಳೆಯಬೇಡ, ಒಂದೊಂದೇ ಎಳೆ ಬಿಡು.

ನಿಜವಾದ ಮುಂದಲೆಯಲ್ಲಿ ಅಂಚು ಎಂಬುದಿಲ್ಲ. ಮೊದಲ ಅರ್ಧ ಸೆಂಟಿಮೀಟರಿನಲ್ಲಿ ತೆಳ್ಳಗಿನ ಒಂಟಿ ಕೂದಲು, ಅದರ ಹಿಂದೆ ಒಂದೇ ಬುಡದಿಂದ ಎರಡು ಮೂರು ಹುಟ್ಟುವ ಜೊತೆಗೂದಲು. ಅದೂ ಅಂಕುಡೊಂಕು, ಅಲ್ಲೊಂದು ಕಡೆ ಮುಂದೆ ಬಂದಿರುತ್ತದೆ, ಇಲ್ಲೊಂದು ಕಡೆ ಖಾಲಿ. ಎಡ ಬಲ ಎರಡೂ ಒಂದೇ ಸಮ ಇದ್ದರೆ ಅದು ಮನುಷ್ಯನ ಹಣೆಯಲ್ಲ.

ತಲೆಗೂದಲಿನ ದಪ್ಪ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗವೂ ಇಲ್ಲ. ನಮ್ಮ ಫೋಟೋದಲ್ಲಿ ಅದು ಅರ್ಧ ಪಿಕ್ಸೆಲ್ ಆಗುತ್ತದೆ. ಅಂದರೆ ಎಳೆ ಎಂದು ನಾವು ಬಿಡಿಸುವುದೆಲ್ಲ ನಾಲ್ಕಾರು ಕೂದಲಿನ ಸಣ್ಣ ಗುಂಪು. ಹೀಗಾಗಿ 2 ಪಿಕ್ಸೆಲ್ ಬ್ರಷ್ ಸಾಕು, ಮುಂದಲೆಯಲ್ಲಿ Opacity 40 ದಾಟಬಾರದು. ಪೆನ್ ಟ್ಯಾಬ್ಲೆಟ್ ಇದ್ದವರಿಗೆ ಕೈಯ ಒತ್ತಡವೇ ತುದಿಯನ್ನು ಸಣ್ಣ ಮಾಡುತ್ತದೆ. ಬರೀ ಮೌಸ್ ಇದ್ದರೆ ಬ್ರಷ್‌ನ Shape Dynamics ಒಳಗೆ Pen Pressure ಆರಿಸಿ, ಪೆನ್ ಟೂಲ್‌ನಲ್ಲಿ ಬಾಗು ಎಳೆದು, Stroke Path ಕೊಡುವಾಗ Simulate Pressure ಗುರುತು ಹಾಕಿ. ಎಳೆಯ ಎರಡೂ ತುದಿ ಸಣ್ಣಗಾಗುತ್ತವೆ.

ದಿಕ್ಕು ತಪ್ಪಬಾರದು. ತಲೆಗೂದಲೆಲ್ಲ ನೆತ್ತಿಯ ಹಿಂದಿನ ಸುಳಿಯಿಂದ ಹೊರಟು ಬರುತ್ತದೆ. ಮುಂದಲೆಗೆ ಬರುವ ಹೊತ್ತಿಗೆ ಬುಡ ಮುಂದಕ್ಕೆ ವಾಲಿರುತ್ತದೆ, ಹಿಂದಕ್ಕೆ ಬಾಚಿದರೂ ಮೊದಲು ತುಸು ಮುಂದಕ್ಕೆ ಎದ್ದೇ ಹಿಂದಕ್ಕೆ ಬಾಗುತ್ತದೆ. ಆ ಸಣ್ಣ ಬಾಗು ಇಲ್ಲದಿದ್ದರೆ ಕೂದಲು ಹಣೆಗೆ ಅಂಟಿಸಿದಂತಿರುತ್ತದೆ. ಕಿವಿಯ ಮೇಲಿನ ಕೂದಲನ್ನೇ ಕ್ಲೋನ್ ಮಾಡಿ ನೆತ್ತಿಗೆ ತರುವ ಆಸೆ ಎಲ್ಲರಿಗೂ ಬರುತ್ತದೆ. ಅಲ್ಲಿಯ ಕೂದಲು ಕೆಳಮುಖ, ಅದರ ಮೇಲಿನ ಬೆಳಕೂ ಬೇರೆ, ಹಾಗಾಗಿ ಒಗ್ಗುವುದಿಲ್ಲ.

ತಲೆ ಎತ್ತರವಾಗಲಿ.

ಕೂದಲಿಗೂ ದಪ್ಪವಿದೆ. ಬೋಳು ತಲೆಯ ಹೊರರೇಖೆಯ ಒಳಗೇ ಕೂದಲು ತುಂಬಿದರೆ ತಲೆ ಕುಗ್ಗಿದಂತೆ ಕಾಣುತ್ತದೆ, ಮನೆಯವರು "ಮುಖ ಬದಲಾಗಿದೆ" ಎನ್ನುತ್ತಾರೆ. ಮುಖ ಬದಲಾಗಿರುವುದಿಲ್ಲ, ತಲೆಯ ಅಳತೆ ಕೆಟ್ಟಿರುತ್ತದೆ. ಈ ಫೋಟೋದಲ್ಲಿ ನೆತ್ತಿಯ ಮೇಲೆ ಒಂದೂವರೆ ಸೆಂಟಿಮೀಟರ್, ಅಂದರೆ 90 ಪಿಕ್ಸೆಲ್ ಏರಿಸಿ, ಕಿವಿಯ ಮೇಲಿನ ಹಳೆಯ ಕೂದಲಿಗೆ ಇಳಿಜಾರಾಗಿ ಸೇರಿಸಿದೆ. ಹೊರ ಅಂಚಿನಲ್ಲಿ ಹಿನ್ನೆಲೆ ಕಾಣುವ ಹಾಗೆ ಕೆಲವು ಬಿಡಿ ಎಳೆಗಳಿರಲಿ.

ಮೂರು ಪದರ, ಮೂರು ಬಣ್ಣ. ಬುಡ ಕಾಣುತ್ತಿರುವಾಗಲೇ ನಿಲ್ಲಿಸು.

ಮೊದಲು ಕಡುಬಣ್ಣದ ಅಗಲ ಗುಂಪುಗಳು, ಮೇಲೆ ನಡುಬಣ್ಣ, ಕೊನೆಗೆ ಬೆಳಕು ಬೀಳುವ ಕಡೆ ಮಾತ್ರ ತಿಳಿಬಣ್ಣದ ಕೆಲವೇ ಎಳೆ. ಮೂರೂ ಬೇರೆ ಬೇರೆ ಲೇಯರ್‌ನಲ್ಲಿದ್ದರೆ ಹೆಚ್ಚಾದದ್ದನ್ನು ತಗ್ಗಿಸಬಹುದು. ಈ ರೈತರ ಕಿವಿಯ ಪಕ್ಕ ನರೆತಿದ್ದರಿಂದ ಅಲ್ಲಿಂದ ಮೇಲಕ್ಕೆ ಬೆಳ್ಳಿಗೂದಲನ್ನು ವಿರಳವಾಗಿ ಹರಡಿದೆ. ಪಕ್ಕದಲ್ಲಿ ನರೆ, ಮೇಲೆ ಗಾಢ ಕಪ್ಪು ಎಂದರೆ ಅದು ಬಣ್ಣ ಹಾಕಿಸಿಕೊಂಡ ತಲೆ.

ಸಹಜ ದಟ್ಟಣೆಯ ಅರ್ಧದಷ್ಟಿದ್ದರೂ ಕಣ್ಣಿಗೆ ತುಂಬಿದ ತಲೆಯಂತೆ ಕಾಣುತ್ತದೆ ಎಂಬುದು ಕೂದಲು ನಾಟಿ ಮಾಡುವ ವೈದ್ಯರ ಲೆಕ್ಕ. ನಮಗೂ ಅದೇ ಲೆಕ್ಕ. ಮುಂದಲೆಯಲ್ಲೂ ಬೈತಲೆಯಲ್ಲೂ ಕೆಳಗಿನ ನೆರಳು ಅಲ್ಲಲ್ಲಿ ಕಾಣುತ್ತಿರುವಾಗಲೇ ಕೈ ಎತ್ತಬೇಕು. ಕೊನೆಗೆ ಹಣೆಯ ಮೇಲೆ, ಬೆಳಕಿನ ಎದುರು ಬದಿಗೆ, ಕೂದಲಿನದೇ ಒಂದು ತೆಳು ನೆರಳು ಹಾಕಿದರೆ ಕೂದಲು ತಲೆಗೆ ಕೂರುತ್ತದೆ.

ಫೋಟೋ ಎಷ್ಟು ಮಸುಕೋ ಕೂದಲೂ ಅಷ್ಟೇ ಮಸುಕು.

ಫೋನಿನ ಫೋಟೋದಲ್ಲಿ ಹುಬ್ಬಿನ ಕೂದಲೇ ಎಣಿಸಲು ಬಾರದಿರುವಾಗ ನೆತ್ತಿಯ ಕೂದಲು ಎಣಿಸುವಷ್ಟು ಸ್ಪಷ್ಟವಿದ್ದರೆ ಸುಳ್ಳು ಬಯಲಾಗುತ್ತದೆ. ಹುಬ್ಬಿಗೆ ಹೋಲಿಸಿ Gaussian Blur ಅರ್ಧ ಪಿಕ್ಸೆಲ್‌ನಿಂದ ಶುರುಮಾಡಿ, ಆಮೇಲೆ Add Noise ಅಲ್ಪ. ಫೋಟೋವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿ ನೋಡಿದರೆ ಅಷ್ಟು ಹೊತ್ತೂ ಕಾಣದ ವಾಲು ಥಟ್ಟನೆ ಕಾಣುತ್ತದೆ. ದೊಡ್ಡ ಫ್ರೇಮಿಗೆ ಮೊದಲು 4×6ರಲ್ಲಿ ಒಂದು ಪ್ರಿಂಟ್ ತೆಗೆದು ಮನೆಯವರಿಗೆ ತೋರಿಸಬೇಕು. ನಮಗಿಂತ ಅವರ ಕಣ್ಣು ಖಚಿತ.

ಗುರುತಿನ ಚೀಟಿಯ ಫೋಟೋ ಮುಟ್ಟಬೇಡ.

ಪಾಸ್‌ಪೋರ್ಟ್, ಮತದಾರರ ಚೀಟಿ, ಡ್ರೈವಿಂಗ್ ಲೈಸೆನ್ಸ್‌ಗೆ ಕೊಡುವ ಫೋಟೋದಲ್ಲಿ ಮನುಷ್ಯ ಹೇಗಿದ್ದಾನೋ ಹಾಗೇ ಇರಬೇಕು. ಸಂಬಂಧ ನೋಡಲು ಕಳಿಸುವ ಫೋಟೋಗೂ ನಾನು ಕೂದಲು ಬಿಡಿಸಿ ಕೊಡುವುದಿಲ್ಲ. ನಾಳೆ ಹೆಣ್ಣಿನ ಮನೆಯವರು ಎದುರು ಕೂತಾಗ ಆ ಹುಡುಗನಿಗೆ ಆಗುವ ಅವಮಾನಕ್ಕೆ ನನ್ನ ಕೈ ಸೇರಬಾರದು.

ಇಂಥ ಕೆಲಸ ಕೊಡಲು ಬರುವವರಲ್ಲಿ ಒಂದು ಮನವಿ. ಹಳೆಯ ಮದುವೆ ಆಲ್ಬಂನ ಗ್ರೂಪ್ ಫೋಟೋ ಎಷ್ಟೇ ಚಿಕ್ಕದಿರಲಿ ತನ್ನಿ, ಹಣೆಯ ಮೂಲೆಯೂ ಬೈತಲೆಯೂ ಅದರಲ್ಲಿ ಸಿಗುತ್ತವೆ. ಫೋನಿನ ಫೋಟೋವನ್ನು ವಾಟ್ಸಾಪ್‌ನಲ್ಲಿ ಕಳಿಸುವಾಗ ಫೋಟೋ ಎಂದು ಕಳಿಸದೆ Document ಎಂದು ಕಳಿಸಿ. ತಿಥಿಗೆ ಮೂರು ದಿನವಾದರೂ ಇರುವಾಗ ಬನ್ನಿ.