ತಾರೀಕಿಲ್ಲದ ಬಾಕಿ ಪತ್ರ

ಬಾಡಿಗೆ ತಡವಾದಾಗ ಮನೆ ಮಾಲೀಕರಿಗೆ ಬರೆಯುವ ಪತ್ರಕ್ಕೆ ನಮ್ಮಲ್ಲಿ ಒಂದು ಅಚ್ಚು ಇದೆ. ಅದನ್ನು ಸಭ್ಯತೆಯ ಮಾದರಿ ಎಂದು ಮೆಚ್ಚುವವರೂ ಬಹಳ. ಅದರ ತಿರುಳು ಹೀಗಿರುತ್ತದೆ: "ಕಾರಣಾಂತರಗಳಿಂದ ಎರಡು ತಿಂಗಳ ಬಾಡಿಗೆ ಕಟ್ಟಲಾಗಿಲ್ಲ, ದಯವಿಟ್ಟು ಸಹಕರಿಸಿ, ಆದಷ್ಟು ಬೇಗ ಸ್ವಲ್ಪ ಸ್ವಲ್ಪವಾಗಿ ತೀರಿಸುತ್ತೇನೆ." ವಿನಯ ಸಾಲದು ಎಂದು ನಾನು ಹೇಳುತ್ತಿಲ್ಲ. ಆದರೆ ಇದನ್ನು ಓದಿದ ಮಾಲೀಕರಿಗೆ ಯಾವ ದಿನ ಎಷ್ಟು ಹಣ ಬರುತ್ತದೆಂದು ಗೊತ್ತಾಗುವುದಿಲ್ಲ, ಬರೆದವರಿಗೂ ಮುಂದೆ ತೋರಿಸಲು ಏನೂ ಉಳಿಯುವುದಿಲ್ಲ. ಕಾರಣಕ್ಕೆ ಎರಡು ಸಾಲು ಸಾಕು: ಕೆಲಸ ಹೋಯಿತು, ಹೊಸ ಕೆಲಸ ಸಿಕ್ಕಿದೆ, ಸಂಬಳ ಇಂಥ ದಿನ ಬರುತ್ತದೆ. ಪತ್ರದ ಮುಕ್ಕಾಲು ಭಾಗ ಕಂತುಗಳಿಗೇ ಸಲ್ಲಬೇಕು.

ಬೆಂಗಳೂರಿನ ಒಂದು ಮನೆಯನ್ನು ಎಣಿಸಿಕೊಳ್ಳೋಣ. ಬಾಡಿಗೆ 15,000 ರೂಪಾಯಿ, ಪ್ರತಿ ತಿಂಗಳು 5ಕ್ಕೆ ಕೊಡಬೇಕು; ಜೂನ್ ಮತ್ತು ಜುಲೈ ಸೇರಿ 30,000 ಬಾಕಿ. ಹೊಸ ಸಂಬಳ ಬರುವುದು 7ಕ್ಕೆ. ಇಲ್ಲಿ 5ನೇ ತಾರೀಕಿಗೇ ಮಾತು ಕೊಟ್ಟರೆ ಮೊದಲ ಕಂತೇ ತಪ್ಪುತ್ತದೆ, ತಪ್ಪಿದ ಕಂತು ಬರೆಯದ ಪತ್ರಕ್ಕಿಂತ ಹೆಚ್ಚು ಕೆಡಿಸುತ್ತದೆ. ಆದ್ದರಿಂದ ಆಗಸ್ಟ್‌ನಿಂದ ನವೆಂಬರ್‌ವರೆಗೆ ಪ್ರತಿ ತಿಂಗಳು 10ರಂದು 22,500 ಕೊಡುತ್ತೇನೆ, ಅದರಲ್ಲಿ 15,000 ಆ ತಿಂಗಳ ಬಾಡಿಗೆ, 7,500 ಹಳೆಯ ಬಾಕಿಗೆ ಎಂದು ಬರೆಯಬೇಕು. ಈ ನಾಲ್ಕು ತಿಂಗಳ ಮಟ್ಟಿಗೆ 5ರ ಬದಲು 10ಕ್ಕೆ ಒಪ್ಪಬೇಕೆಂದೂ ಕೇಳಿಕೊಳ್ಳಬೇಕು. ಹಣವನ್ನು ಹೀಗೆ ಎರಡಾಗಿ ಒಡೆದು ಹೇಳುವುದನ್ನೇ ಅಚ್ಚಿನ ಪತ್ರ ಬಿಟ್ಟುಬಿಡುತ್ತದೆ. 1872ರ ಕರಾರು ಕಾಯಿದೆಯ 59ನೇ ಕಲಂ ಪ್ರಕಾರ, ಕೊಡುವವರು ಇದು ಇಂಥ ಬಾಕಿಗೆ ಎಂದು ತಿಳಿಸಿ ಕೊಟ್ಟಾಗ, ಪಡೆದವರು ಅದಕ್ಕೇ ಜಮಾ ಮಾಡಿಕೊಳ್ಳಬೇಕು. ತಿಳಿಸದಿದ್ದರೆ 60ನೇ ಕಲಂ ಆಯ್ಕೆಯನ್ನು ಪಡೆದವರಿಗೇ ಬಿಡುತ್ತದೆ. ಏನೂ ಹೇಳದೆ 15,000 ಕಳಿಸಿದರೆ ಆಗಸ್ಟ್‌ನ ಹಣ ಜೂನ್‌ಗೆ ಜಮೆಯಾಗಬಹುದು, ಸೆಪ್ಟೆಂಬರ್‌ನದು ಜುಲೈಗೆ. ಒಟ್ಟು ಬಾಕಿ ಎರಡು ಲೆಕ್ಕದಲ್ಲೂ ಅಷ್ಟೇ. ಆದರೆ ತಾನು ಚಾಲ್ತಿ ಬಾಡಿಗೆ ತಪ್ಪಿಸಿಲ್ಲ ಎಂದುಕೊಂಡ ಬಾಡಿಗೆದಾರರ ಹೆಸರಿನಲ್ಲಿ ಆಗಸ್ಟ್, ಸೆಪ್ಟೆಂಬರ್ ಎರಡೂ ಬಾಕಿ ಎಂಬ ನೋಟಿಸ್ ಬರಬಹುದು, ಅದು ತಪ್ಪೂ ಆಗಿರುವುದಿಲ್ಲ. ಪತ್ರದಲ್ಲಿ ಹೇಳಿದ ಮೇಲೂ ಯುಪಿಐನಲ್ಲಿ ಹಣ ಹಾಕುವಾಗ ಟಿಪ್ಪಣಿಯಲ್ಲಿ "ಆಗಸ್ಟ್ ಬಾಡಿಗೆ 15,000, ಜೂನ್ ಬಾಕಿಗೆ 7,500" ಎಂದು ನಮೂದಿಸುವುದು ಇದಕ್ಕೇ.

ಬರಹದಲ್ಲಿ ಬಾಕಿ ಒಪ್ಪಿಕೊಳ್ಳುವುದೇ ದಡ್ಡತನ ಎಂದು ವಾದಿಸುವವರಿದ್ದಾರೆ. ಅವರ ಕೈಯಲ್ಲಿರುವ ಕಾನೂನು ನಿಜವೇ: ಬಾಡಿಗೆ ಬಾಕಿಗೆ ದಾವೆ ಹೂಡಲು ಮೂರು ವರ್ಷದ ಕಾಲಮಿತಿ, ಅದು ಮುಗಿಯುವ ಮೊದಲು ಸಹಿ ಮಾಡಿ ಒಪ್ಪಿಕೊಂಡರೆ ಲೆಕ್ಕ ಹೊಸದಾಗಿ ಶುರು. ಆದರೆ ಎರಡು ತಿಂಗಳ ಬಾಕಿಯಿಟ್ಟುಕೊಂಡು ಅದೇ ಮನೆಯಲ್ಲಿ ಇರಬೇಕೆನ್ನುವವರಿಗೆ ಮೂರು ವರ್ಷದಾಚೆಯ ಲಾಭ ಯಾವುದಕ್ಕೆ ಬಂತು? ಅವರ ಆತಂಕ ಮುಂದಿನ ತಿಂಗಳು ಮನೆ ಖಾಲಿ ಮಾಡಿಸುವುದರ ಬಗ್ಗೆ. ತಿಂಗಳ ಬಾಡಿಗೆಯ ಮನೆಗೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಸ್ವತ್ತು ವರ್ಗಾವಣೆ ಕಾಯಿದೆಯಡಿ ಬಾಡಿಗೆಯನ್ನು ಕೊನೆಗೊಳಿಸಲು 15 ದಿನದ ನೋಟಿಸ್ ಸಾಕು. ಈ ವಾದದಲ್ಲಿ ಉಳಿಸಿಕೊಳ್ಳಬೇಕಾದ್ದು ಇಷ್ಟೇ: ತಕರಾರಿರುವ ನೀರಿನ ಬಿಲ್ಲನ್ನೋ ರಿಪೇರಿ ಖರ್ಚನ್ನೋ 30,000ದ ಜೊತೆ ಸೇರಿಸಿ ಒಪ್ಪಿಬಿಡಬಾರದು. ಇನ್ನು "ಅಡ್ವಾನ್ಸ್‌ನಲ್ಲಿ ಹಿಡ್ಕೊಳ್ಳಿ" ಎಂಬ ಸಲಹೆಯನ್ನಂತೂ ನಾನು ಒಪ್ಪಲಾರೆ. ಆ ಹಣ ಬಣ್ಣಕ್ಕೆ, ಮುರಿದದ್ದಕ್ಕೆ ಇಟ್ಟ ಭದ್ರತೆ. ಕರಾರು ಹೇಳದೆ ಬಾಡಿಗೆದಾರರೇ ಅದನ್ನು ಬಾಡಿಗೆ ಎಂದು ಎಣಿಸಿದರೆ ಪತ್ರದ ಮೇಲಿನ ನಂಬಿಕೆ ಅಲ್ಲೇ ಮುರಿಯುತ್ತದೆ.

ಕಂತುಗಳ ಪತ್ರಕ್ಕೂ ಮಿತಿಯಿದೆ. ಮಾಲೀಕರ ಮೌನ ಒಪ್ಪಿಗೆಯಲ್ಲ. ವಾಟ್ಸಾಪಿನಲ್ಲಾದರೂ "ಒಪ್ಪಿದೆ" ಎಂಬ ಉತ್ತರ ಬರುವವರೆಗೆ ಅದು ಕೋರಿಕೆ ಮಾತ್ರ. ಇನ್ನು 1999ರ ಕರ್ನಾಟಕ ಬಾಡಿಗೆ ಕಾಯಿದೆಗೆ ಒಳಪಡುವ ಕಡಿಮೆ ಬಾಡಿಗೆಯ ಹಳೆಯ ಮನೆಗಳಲ್ಲಿ, ಬಾಕಿ ಕೇಳಿ ನೋಟಿಸ್ ಬಂದ ಮೇಲೆ ಇಡೀ ಬಾಕಿ ತೀರಿಸಲು ಇರುವುದು ಎರಡೇ ತಿಂಗಳು. ಅಂಥ ಮನೆಗೆ ಆಗಸ್ಟ್ ಮೊದಲಲ್ಲಿ ನೋಟಿಸ್ ಬಂದಿದ್ದರೆ, ಮಾಲೀಕರು ಬರಹದಲ್ಲಿ ಒಪ್ಪದ ಹೊರತು, ಮೇಲಿನಂಥ ಅಕ್ಟೋಬರ್, ನವೆಂಬರ್ ಕಂತುಗಳು ಕೆಲಸಕ್ಕೆ ಬಾರವು. ಬಾಕಿಗೆ ನಾಲ್ಕರ ಜಾಗದಲ್ಲಿ ಎರಡೇ ಕಂತು ಹಾಕಿ, ಎರಡನೆಯದನ್ನು ಸೆಪ್ಟೆಂಬರ್ 10ಕ್ಕೇ ಮುಗಿಸಬೇಕು.