ಪಲ್ಸ್ ಕಟ್ಟಿಕೊಡುವ ಮುಖಗಳು

ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಸಂಶೋಧಕರು 2020ರಲ್ಲಿ ಪ್ರಕಟಿಸಿದ ‘ಪಲ್ಸ್’ ವಿಧಾನವು ಚೌಕಚೌಕವಾಗಿ ಕಾಣುವ ಪುಟ್ಟ ಮುಖಚಿತ್ರವನ್ನು ಸ್ಪಷ್ಟವಾದ ದೊಡ್ಡ ಚಿತ್ರವಾಗಿ ಮಾರ್ಪಡಿಸುತ್ತದೆ. ಉದ್ದಗಲ 16 ಪಿಕ್ಸೆಲ್ ಇರುವ ಚಿತ್ರದಿಂದ ಉದ್ದಗಲ 1024 ಪಿಕ್ಸೆಲ್ ಇರುವ ಮುಖ ಹೊರಬರುತ್ತದೆ. ಮೂಲದ ಒಂದೊಂದು ಪಿಕ್ಸೆಲ್‌ನ ಜಾಗದಲ್ಲಿ 4096 ಪಿಕ್ಸೆಲ್‌ಗಳು ಬಂದು ಕೂರುತ್ತವೆ. ರೆಪ್ಪೆಗೂದಲು, ಚರ್ಮದ ಸುಕ್ಕು, ಹಲ್ಲಿನ ಸಾಲು ಯಾವುದೂ ಮೂಲದಲ್ಲಿ ದಾಖಲಾಗಿರುವುದಿಲ್ಲ.

ಚಿತ್ರವನ್ನು ಕುಗ್ಗಿಸುವಾಗ ಅಕ್ಕಪಕ್ಕದ ಪಿಕ್ಸೆಲ್‌ಗಳು ಬೆರೆತು ಒಂದಾಗುತ್ತವೆ. ಹಾಗಾಗಿ ಬೇರೆಬೇರೆ ಮುಖಗಳು ಕುಗ್ಗಿದ ಮೇಲೆ ಒಂದೇ ಚಿತ್ರವಾಗಬಹುದು. ಕುಗ್ಗಿದ ಚಿತ್ರವೊಂದನ್ನೇ ನೋಡಿ ಅದು ಯಾವ ಮುಖದಿಂದ ಬಂದದ್ದೆಂದು ಹೇಳಲಾಗದು. ಹಿಂದಿನ ಹಲವು ನರಜಾಲಗಳು ಪ್ರತಿ ಪಿಕ್ಸೆಲ್‌ನ ತಪ್ಪನ್ನು ಕಡಿಮೆ ಮಾಡಲು ಕಲಿಯುತ್ತಿದ್ದವು. ಸಾಧ್ಯವಿರುವ ಎಲ್ಲ ಮುಖಗಳ ಸರಾಸರಿಯನ್ನು ಕೊಟ್ಟರೆ ತಪ್ಪು ಕಡಿಮೆಯಾಗುತ್ತದೆ, ಆದರೆ ಸರಾಸರಿ ಮುಖ ಮಸುಕಾಗಿರುತ್ತದೆ. ಪಲ್ಸ್ ಈ ಮಸುಕನ್ನು ಒಪ್ಪದೆ, ಸಾಧ್ಯವಿರುವ ಮುಖಗಳಲ್ಲಿ ಒಂದನ್ನು ಆರಿಸುತ್ತದೆ. ಸ್ಟೈಲ್‌ಗ್ಯಾನ್ ಎಂಬ ನರಜಾಲ ಸೃಷ್ಟಿಸಬಲ್ಲ ಮುಖಗಳ ನಡುವೆ ಹುಡುಕಿ, ಕುಗ್ಗಿಸಿದಾಗ ಕೊಟ್ಟ ಚಿತ್ರಕ್ಕೆ ಹೊಂದುವ ಮುಖವನ್ನು ಮುಂದಿಡುತ್ತದೆ. ಸ್ಪಷ್ಟತೆ ಬರುವುದು ಈ ಆಯ್ಕೆಯಿಂದ. ಸತ್ಯದಿಂದ ದೂರ ಸರಿಯುವ ಅಪಾಯವೂ ಇಲ್ಲಿಂದಲೇ.

2020ರ ಜೂನ್‌ನಲ್ಲಿ ಈ ಅಪಾಯ ಎಲ್ಲರಿಗೂ ಕಾಣಿಸಿತು. ಬರಾಕ್ ಒಬಾಮಾ ಅವರ ಕುಗ್ಗಿಸಿದ ಚಿತ್ರವನ್ನು ಕೊಟ್ಟಾಗ ಪಲ್ಸ್ ಬಿಳಿಯ ವ್ಯಕ್ತಿಯೊಬ್ಬನ ಮುಖವನ್ನು ಮರಳಿಸಿತು. ಸ್ಟೈಲ್‌ಗ್ಯಾನ್ ಕಲಿತದ್ದು ಫ್ಲಿಕರ್ ತಾಣದಿಂದ ಸಂಗ್ರಹಿಸಿದ 70,000 ಮುಖಚಿತ್ರಗಳಿಂದ. ಅಂಥ ಸಂಗ್ರಹದಲ್ಲಿ ಯಾವ ಬಗೆಯ ಮುಖಗಳು ಹೆಚ್ಚಿರುತ್ತವೆಯೋ ಹುಡುಕಾಟವೂ ಅತ್ತ ವಾಲುತ್ತದೆ. ಆದರೆ ಸಂಗ್ರಹವನ್ನು ಸಮತೋಲನಗೊಳಿಸಿದ ಮಾತ್ರಕ್ಕೆ ಸಮಸ್ಯೆ ಬಗೆಹರಿಯದು. ಆಗ ಮೈಬಣ್ಣದ ಊಹೆ ಸುಧಾರಿಸಬಹುದು, ಅಳಿದುಹೋದ ಮಾಹಿತಿ ಮಾತ್ರ ಮರಳುವುದಿಲ್ಲ.

ಫಲಿತಾಂಶವನ್ನು ಮತ್ತೆ 16 ಪಿಕ್ಸೆಲ್‌ಗೆ ಕುಗ್ಗಿಸಿ ಮೂಲದೊಂದಿಗೆ ಹೋಲಿಸುವುದು ಅಗತ್ಯವಾದ ಪರೀಕ್ಷೆ. ಅದರಲ್ಲಿ ಸೋತ ಚಿತ್ರ ಖಂಡಿತ ತಪ್ಪು. ಗೆದ್ದ ಚಿತ್ರ ಸರಿಯೆಂದೇನೂ ಅಲ್ಲ, ತಪ್ಪು ಮುಖವೂ ಈ ಪರೀಕ್ಷೆಯಲ್ಲಿ ಪಾಸಾಗಬಲ್ಲದು. ಹುಡುಕಾಟವನ್ನು ಬೇರೆಬೇರೆ ಆರಂಭಬಿಂದುಗಳಿಂದ ನಡೆಸುವುದು ಇನ್ನೂ ಉಪಯುಕ್ತ. ಪ್ರತಿ ಸಲ ಬದಲಾಗುವ ಕಣ್ಣು, ಮೂಗು, ವಯಸ್ಸು ನರಜಾಲ ಸೇರಿಸಿದ್ದು. ಬದಲಾಗದೆ ಉಳಿದದ್ದನ್ನೂ ಪೂರ್ತಿ ನಂಬುವಂತಿಲ್ಲ, ಏಕೆಂದರೆ ಕಲಿಕೆಯ ಒಲವು ಎಲ್ಲ ಸಲವೂ ಒಂದೇ ಆಗಿರುತ್ತದೆ. ಒಂದೇ ದೃಶ್ಯದ, ತುಸು ಪಲ್ಲಟಗೊಂಡ ಹಲವು ಚಿತ್ರಗಳಿದ್ದರೆ ಮಾತು ಬೇರೆ. ಆಗ ಪ್ರತಿ ಚಿತ್ರವೂ ನಿಜವಾದ ಹೊಸ ಮಾಹಿತಿಯನ್ನು ತರುತ್ತದೆ.

ನೈಜವೆನಿಸುವ ಮುಖವನ್ನು ಕಟ್ಟುವ ವಿಧಾನವಾಗಿ ಪಲ್ಸ್ ಯಶಸ್ವಿ. ಕ್ಯಾಮೆರಾ ಮುಂದಿದ್ದ ವ್ಯಕ್ತಿಯನ್ನು ಗುರುತಿಸುವ ಸಾಕ್ಷ್ಯವಾಗಿ ಅದರ ಚಿತ್ರಕ್ಕೆ ಬೆಲೆಯಿಲ್ಲ.